ಬೋರ್ಡ್ ಬರೆಯುವವರಿಗೆ ಏನು ಹೇಳಬೇಕು? ಅಂಗಡಿಯವರಿಗೆ ಒಂದು ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಬೋರ್ಡ್ ಬರೆಯುವ ನನ್ನಂಥವರ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು. "ಚಂದಂಗ ಒಂದು ಬೋರ್ಡ್ ಮಾಡಿಕೊಡ್ರಿ, ಎಲ್ಲಾರ ಕಣ್ಣಿಗೂ ಬೀಳಬೇಕು." ಆಮೇಲೆ ಬೋರ್ಡ್ ಏರಿದ ದಿನ ರಸ್ತೆಯ ಆ ಕಡೆ ನಿಂತು ನೋಡಿ, "ಇನ್ನೊಂದು ಸ್ವಲ್ಪ ದೊಡ್ಡದು ಇರಬೇಕಿತ್ತು" ಅನ್ನುತ್ತಾರೆ. ಅಷ್ಟೊತ್ತಿಗೆ ಬಣ್ಣ ಒಣಗಿರುತ್ತದೆ.

"ಹಾಗಾದರೆ ನಿಮಗೆ ಏನೇನು ಹೇಳಬೇಕು, ಅದನ್ನಾದರೂ ಹೇಳ್ರಿ" ಅಂತ ಬಹಳ ಜನ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆದಿದ್ದೇನೆ. ಕಲಾವಿದರಿಗೆ ನೀವು ಕೊಡಬೇಕಾದ್ದು ಒಂದು ಪುಟದ ಚೀಟಿ. ದೊಡ್ಡ ಕಂಪನಿಗಳವರು ಇದಕ್ಕೆ ಬ್ರೀಫ್ ಅನ್ನುತ್ತಾರೆ. ಬೋರ್ಡನ್ನು ಎಲ್ಲಿಂದ ಓದುತ್ತಾರೆ, ಯಾರು ಓದುತ್ತಾರೆ, ಓದಿದವರಿಗೆ ಏನು ಅನಿಸಬೇಕು, ಈ ಮೂರು ವಿಷಯ ಅದರಲ್ಲಿರಬೇಕು. ಕ್ರಮವೂ ಇದೇ ಇರಲಿ. ಹೆಚ್ಚಿನವರು ಕೊನೆಯದರಿಂದ ಶುರು ಮಾಡುತ್ತಾರೆ. ಬಣ್ಣ, ಡಿಸೈನ್ ಎಲ್ಲ ಮುಗಿದ ಮೇಲೆ ದೂರದ ನೆನಪಾಗುತ್ತದೆ.

ಹೇಳುವುದು ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಷ್ಟು ದಿನ ಮನೆಯಲ್ಲೇ ಮೆಸ್ ನಡೆಸುತ್ತಿದ್ದ ಒಬ್ಬ ಅಕ್ಕ ಈಗ ಧಾರವಾಡದ ಸಪ್ತಾಪುರದಲ್ಲಿ ಒಂದು ಶಟರ್ ಬಾಡಿಗೆ ಹಿಡಿದಿದ್ದಾರೆ ಅಂದುಕೊಳ್ಳಿ. ಹೆಸರು "ನೀಲಮ್ಮನ ಖಾನಾವಳಿ". ಬೋರ್ಡಿಗೆ ಇರುವ ಜಾಗ 10 ಅಡಿ ಅಗಲ, 3 ಅಡಿ ಎತ್ತರ. ಅಂಗಡಿಗೆ ಎದುರಾಗಿಯೇ ಒಂದು ಅಡ್ಡರಸ್ತೆ ಬಂದು ಸೇರುತ್ತದೆ.

ನಿಮ್ಮ ಹತ್ತಿರ ಒಂದು ಅಳತೆ ಟೇಪು, ನಾಲ್ಕು ಹಳೇ ಪೇಪರ್, ದಪ್ಪ ಮಾರ್ಕರ್ ಅಥವಾ ಇದ್ದಿಲು, ಮತ್ತು ಫೋನ್ ಇರಲಿ. ಜೊತೆಗೆ ಸಂಜೆಯ ಒಂದು ಗಂಟೆ ಬಿಡುವು ಬೇಕು.

1. ಗಿರಾಕಿ ನಿಂತ ಜಾಗದಲ್ಲಿ ನಿಂತು ನೋಡಿ

ಅಂಗಡಿಯ ಮುಂದೆ ನಿಂತು ಬೋರ್ಡ್ ನೋಡುವವರು ನೀವೊಬ್ಬರೇ. ಗಿರಾಕಿ ಬೇರೆ ಕಡೆಯಿಂದ ಬರುತ್ತಾನೆ. ಅವನು ಬರುವ ದಾರಿಯಲ್ಲೇ ನಡೆದು ಹೋಗಿ, "ಇಲ್ಲಿ ಓದಿದರೆ ಅವನಿಗೆ ಗಾಡಿ ನಿಲ್ಲಿಸಲು ಸಮಯ ಸಿಗುತ್ತದೆ" ಅನಿಸಿದ ಜಾಗದಲ್ಲಿ ನಿಲ್ಲಿ. ಅಲ್ಲಿಂದ ಅಂಗಡಿಯವರೆಗೆ ಹೆಜ್ಜೆ ಎಣಿಸಿ. ಸಾಮಾನ್ಯ ಹೆಜ್ಜೆ ಸುಮಾರು ಎರಡೂವರೆ ಅಡಿ. 40 ಹೆಜ್ಜೆ ಅಂದರೆ 100 ಅಡಿ.

ಗಾಡಿಯಲ್ಲಿ ಬರುವವರ ಲೆಕ್ಕ ಹೀಗೆ. ಒಳರಸ್ತೆಯಲ್ಲಿ ಬೈಕು 30 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 27 ಅಡಿ ಮುಂದೆ ಬರುತ್ತದೆ. ಬೋರ್ಡ್ ಕಣ್ಣಿಗೆ ಬಿದ್ದು, ಓದಿ, ಬ್ರೇಕ್ ಹಿಡಿಯಲು ನಾಲ್ಕು ಸೆಕೆಂಡ್ ಇಟ್ಟುಕೊಳ್ಳಿ. 110 ಅಡಿ ಆಯಿತು. ಅದೇ ಹಾವೇರಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಡಾಬಾ ಆದರೆ 80 ಕಿ.ಮೀ. ವೇಗಕ್ಕೆ ಸುಮಾರು 290 ಅಡಿ ಆಗುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಜನ ನಡೆಯುತ್ತಾರೆ, 15-20 ಅಡಿಯಿಂದ ನೋಡುತ್ತಾರೆ. ಎರಡಡಿ ಎತ್ತರದ ಅಕ್ಷರ ಬರೆಸಿ ಮೊದಲ ಮಹಡಿಗೆ ಏರಿಸಿದರೆ ಆ ಸಂದಣಿಯಲ್ಲಿ ಕತ್ತೆತ್ತಿ ನೋಡುವವರು ಯಾರು?

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಗೋಡೆಗೆ ಚಪ್ಪಟೆಯಾಗಿ ಹೊಡೆದ ಬೋರ್ಡ್ ಎದುರಿನಿಂದ ಬರುವವರಿಗೆ ಮಾತ್ರ. ನಿಮ್ಮದೇ ರಸ್ತೆಯಲ್ಲಿ ಉದ್ದಕ್ಕೆ ಬರುವವನಿಗೆ ಅದು ಓರೆಯಾಗಿ ಕಾಣುತ್ತದೆ. ರಸ್ತೆಯ ಆ ಅಂಚಿನಿಂದ ಬೋರ್ಡಿಗೆ 20 ಅಡಿ ಇದ್ದು, ಅವನು 90 ಅಡಿ ಹಿಂದೆ ಇದ್ದರೆ, 10 ಅಡಿಯ ಬೋರ್ಡ್ ಅವನ ಕಣ್ಣಿಗೆ ಎರಡು ಅಡಿ ಚಿಲ್ಲರೆ ಅಗಲಕ್ಕೆ ಕುಗ್ಗಿರುತ್ತದೆ. ಅಕ್ಷರ ಎಷ್ಟೇ ಎತ್ತರ ಇದ್ದರೂ ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ಆ ಗಿರಾಕಿಗೆ ಗೋಡೆಯಿಂದ ಹೊರಗೆ ಚಾಚಿದ, ಎರಡೂ ಮಗ್ಗುಲು ಬರೆದ ಒಂದು ಸಣ್ಣ ಬೋರ್ಡ್ ಬೇಕು.

ನೀಲಮ್ಮನ ಖಾನಾವಳಿಗೆ ಎದುರಿನ ಅಡ್ಡರಸ್ತೆ ಇರುವುದರಿಂದ ದೊಡ್ಡ ಬೋರ್ಡ್ ಆ ಕಡೆಯಿಂದ ಬರುವವರಿಗೆ, ದೂರ 110 ಅಡಿ. ಉದ್ದಕ್ಕೆ ಬರುವವರಿಗೆ 2 ಅಡಿ ಚೌಕದ ಚಾಚು ಬೋರ್ಡ್, ಅದರಲ್ಲಿ "ಊಟ" ಅಂತ ಒಂದೇ ಪದ. ಅದರಲ್ಲೂ ಪೂರ್ತಿ ಹೆಸರು ತುರುಕಿಸುವ ಆಸೆ ಬೇಡ. ಹಸಿದವನು ಹುಡುಕುವುದು ಹೆಸರನ್ನಲ್ಲ. ಚಾಚು ಬೋರ್ಡಿಗೆ ಪಾಲಿಕೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ರಸ್ತೆ ಅಥವಾ ಫುಟ್‌ಪಾತಿನ ಮೇಲೆ ಬಂದದ್ದನ್ನು ತೆಗೆಸಿದರೆ ನಷ್ಟ ನಿಮ್ಮದೇ.

ಅಲ್ಲೇ ನಿಂತಾಗ ನಡುವೆ ಏನು ಅಡ್ಡ ಇದೆ ಅಂತಲೂ ಗುರುತು ಹಾಕಿಕೊಳ್ಳಿ. ಬೇವಿನ ಟೊಂಗೆ, ಕೇಬಲ್ ವೈರು, ಪಕ್ಕದವರ ತಗಡಿನ ಮಾಡು, ದಿನಾ ಬಂದು ನಿಲ್ಲುವ ಗೂಡ್ಸ್ ಗಾಡಿ. ನಿಂತ ಜಾಗದಿಂದ ಒಂದು ಫೋಟೋ ತೆಗೆಯಿರಿ. ಚೀಟಿಯ ಜೊತೆ ಅದನ್ನೂ ಕೊಡಬೇಕು.

2. ದೂರದಿಂದ ಅಕ್ಷರದ ಎತ್ತರಕ್ಕೆ ಬನ್ನಿ

ಬೋರ್ಡಿನ ಕೆಲಸದಲ್ಲಿ ಒಂದು ಒರಟು ಲೆಕ್ಕ ಇದೆ. 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಇದ್ದರೆ ಆರಾಮಾಗಿ ಓದಬಹುದು. 30 ಅಡಿಗೆ 1 ಇಂಚು ಅನ್ನುವುದು ಕೊನೆಯ ಮಿತಿ. ಅಲ್ಲಿ ಕಣ್ಣು ಚೆನ್ನಾಗಿರುವವರು ನಿಂತು ನೋಡಿದರೆ ಓದಿಯಾರು, ಬೈಕಿನ ಮೇಲೆ ಕೂತವರಿಗೆ ಆಗುವುದಿಲ್ಲ.

ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಅವಕ್ಕೆ ಮೇಲೆ ಕೆಳಗೆ ಏನೂ ಇಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಹಾಗಾಗಿ ಕನ್ನಡದಲ್ಲಿ ಎತ್ತರ ಅಂದರೆ ಅಕ್ಷರದ ಮೈಯ ಎತ್ತರ. "ಲ" ಅಥವಾ "ನ" ಎಷ್ಟು ಎತ್ತರ ಇದೆಯೋ ಅಷ್ಟೇ. "18 ಇಂಚಿನ ಅಕ್ಷರ ಬರೀರಿ" ಅಂತ ಸುಮ್ನೆ ಹೇಳಿದರೆ ಒತ್ತಿನಿಂದ ಗುಡಿಸಿನವರೆಗೆ ಎಲ್ಲ ಸೇರಿಸಿ 18 ಅಂತ ತಿಳಿಯುವವರೂ ಇದ್ದಾರೆ. ಮೈ 10 ಇಂಚೇ ಉಳಿಯುತ್ತದೆ. ಚೀಟಿಯಲ್ಲಿ "ಮೈಯ ಎತ್ತರ" ಅಂತಲೇ ಬರೆಯಿರಿ.

ಈಗ ನಮ್ಮ ಖಾನಾವಳಿಗೆ ಬರೋಣ. 110 ಅಡಿಗೆ 11 ಇಂಚಿನ ಮೈ ಬೇಕು. ಅಗಲ ಸಾಲುತ್ತದಾ? "ನೀಲಮ್ಮನ ಖಾನಾವಳಿ"ಯಲ್ಲಿ ಎಂಟು ಅಕ್ಷರ. ಇಳಿ, ದೀರ್ಘ, ನಡುವಿನ ಸಂದು ಸೇರಿಸಿ ಒಂದೊಂದಕ್ಕೆ ಎತ್ತರದ ಸುಮಾರು 1.2 ಪಟ್ಟು ಅಗಲ ಹಿಡಿಯಿರಿ. ಎಂಟಕ್ಕೆ 106 ಇಂಚು, ಎರಡು ಪದಗಳ ನಡುವೆ 9 ಇಂಚು, ಒಟ್ಟು 115. ಬೋರ್ಡ್ 120 ಇಂಚು. ಆದರೆ ಎರಡೂ ಅಂಚಿಗೆ 6 ಇಂಚು ಖಾಲಿ ಬಿಡಬೇಕು, ಆಗ ಉಳಿಯುವುದು 108. ಹಿಡಿಯುವುದಿಲ್ಲ.

ಇಲ್ಲೇ ನೋಡಿ ತಪ್ಪಾಗುವುದು. ಹಿಡಿಯದಿದ್ದಾಗ ಅಂಚಿನ ಖಾಲಿ ಜಾಗ ತಿನ್ನುತ್ತಾರೆ, ಇಲ್ಲವೇ ಅಕ್ಷರವನ್ನು ಅಗಲದಲ್ಲಿ ಒತ್ತಿ ಸಣಕಲು ಮಾಡುತ್ತಾರೆ. ದೂರದಿಂದ ಓದುವವನಿಗೆ ಎರಡೂ ಕೆಟ್ಟದ್ದು. ಅದರ ಬದಲು ಮೈಯನ್ನು 10 ಇಂಚಿಗೆ ಇಳಿಸಿ. ಎಂಟು ಅಕ್ಷರಕ್ಕೆ 96, ಪದದ ಸಂದಿಗೆ 8, ಒಟ್ಟು 104. ಕೂತಿತು. ಆರಾಮಾಗಿ ಓದುವ ದೂರ 110ರಿಂದ 100 ಅಡಿಗೆ ಬಂತು, ನಾಲ್ಕು ಸೆಕೆಂಡಿನಲ್ಲಿ ಅರ್ಧ ಸೆಕೆಂಡೂ ಕಳೆಯಲಿಲ್ಲ. ನಡೆಯುತ್ತದೆ. ಹೆಸರು ಇನ್ನೂ ಉದ್ದ ಇದ್ದು 7 ಇಂಚಿಗೆ ಇಳಿಯುವ ಹಾಗಿದ್ದರೆ ಎರಡು ಸಾಲು ಮಾಡಿ, ಅಥವಾ "ಖಾನಾವಳಿ"ಯನ್ನು ದೊಡ್ಡದು ಮಾಡಿ ಹೆಸರನ್ನು ಸಣ್ಣದು ಮಾಡಿ.

ಎತ್ತರದ ಲೆಕ್ಕವನ್ನೂ ಹಾಕಿ. ಮೈ 10, "ಮ್ಮ" ಒತ್ತಿಗೆ ಕೆಳಗೆ 5, "ನೀ", "ಳಿ" ಗುಡಿಸಿಗೆ ಮೇಲೆ 3, ಒಟ್ಟು 18 ಇಂಚು. ಒತ್ತು-ಗುಡಿಸಿನ ಪ್ರಮಾಣ ಕೈಯಿಂದ ಕೈಗೆ ಬದಲಾಗುತ್ತದೆ, ಇದು ಅಂದಾಜು. ಮೇಲೆ ಕೆಳಗೆ 4 ಇಂಚಿನಂತೆ 8 ಖಾಲಿ. ಉಳಿದ 10 ಇಂಚಿನಲ್ಲಿ 3 ಇಂಚು ಬಿಟ್ಟು ಒಂದು ಸಾಲು ಬರುತ್ತದೆ, 3 ಇಂಚಿನ ಮೈಯದ್ದು: "ಜೋಳದ ರೊಟ್ಟಿ ಊಟ, ಸಸ್ಯಾಹಾರಿ". ಅದು 30 ಅಡಿಗೆ, ಅಂದರೆ ಬಂದು ನಿಂತವರಿಗೆ. ಬೋರ್ಡ್ ಅಷ್ಟಕ್ಕೇ ಭರ್ತಿ. ಫೋನ್ ನಂಬರ್, ದೇವರ ಫೋಟೋ, ರೊಟ್ಟಿಯ ಚಿತ್ರ ಇವಕ್ಕೆ ಜಾಗ ಇಲ್ಲ. ಬೇಕೇ ಬೇಕು ಅಂದರೆ ಶಟರ್ ಪಕ್ಕದ ಗೋಡೆಗೆ ಹೋಗಲಿ.

3. ಪೇಪರ್ ಅಕ್ಷರ ಅಂಟಿಸಿ ನೋಡಿ

ಲೆಕ್ಕವನ್ನು ನಂಬಬೇಡಿ. ಹಳೇ ಪೇಪರಿನ ಮೇಲೆ 10 ಇಂಚಿನ ಮೈ ಬರುವಂತೆ "ಮ್ಮ" ಅಂತ ಬರೆದು ಶಟರ್ ಮೇಲೆ, ಬೋರ್ಡ್ ಬರುವ ಎತ್ತರಕ್ಕೆ ಅಂಟಿಸಿ. ಚಂದ ಬರೆಯಬೇಕಿಲ್ಲ, ಗೆರೆ ದಪ್ಪ ಇರಲಿ ಅಷ್ಟೇ. 40 ಹೆಜ್ಜೆ ಹಿಂದೆ ಹೋಗಿ ನೋಡಿ. "ಮ್ಮ"ವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇಡೀ ಹೆಸರಿನಲ್ಲಿ ಮೊದಲು ಕಾಣದಾಗುವುದು ಆ ಒತ್ತು. ಅದು ಹೋದರೆ "ನೀಲಮನ ಖಾನಾವಳಿ" ಆಗುತ್ತದೆ.

ನಿಮ್ಮ ಹೆಸರಿನಲ್ಲಿ ಹೀಗೆ ಕೈಕೊಡುವ ಅಕ್ಷರ ಯಾವುದು ಅಂತ ಹುಡುಕಿ. ಧ, ಭ, ಢ ಇದ್ದರೆ ಕೆಳಗಿನ ಸಣ್ಣ ಸೀಳಿನ ಮೇಲೆ ಕಣ್ಣಿಡಿ. ದಪ್ಪ ಬ್ರಷ್ಷಿನಲ್ಲಿ ಅದು ಮುಚ್ಚಿಹೋಗಿ ಧಾರವಾಡ "ದಾರವಾಡ" ಆಗುತ್ತದೆ. ಪ ಮತ್ತು ಷ ದೂರದಿಂದ ಒಂದೇ ಥರ ಕಾಣುತ್ತವೆ. ಆ ಅಕ್ಷರವನ್ನು ಚೀಟಿಯಲ್ಲಿ ಬರೆದು ಸುತ್ತ ಗುಂಡು ಹಾಕಿ.

ರಾತ್ರಿಯ ಅಂಗಡಿಯಾದರೆ ಕತ್ತಲಾದ ಮೇಲೆ ಇನ್ನೊಮ್ಮೆ ನೋಡಿ. ಖಾನಾವಳಿಯ ಗಿರಾಕಿ ಹೆಚ್ಚಾಗಿ ಬರುವುದು ರಾತ್ರಿ ಊಟಕ್ಕೆ, ಅಲ್ವಾ? ಬೀದಿದೀಪ ಎಲ್ಲಿದೆ, ಪಕ್ಕದ ಮೆಡಿಕಲ್ ಶಾಪಿನ ಬೆಳಕು ಎಷ್ಟು ಹೊಡೆಯುತ್ತದೆ, ಬರೆದುಕೊಳ್ಳಿ. ಮೇಲಿನಿಂದ ಫೋಕಸ್ ಲೈಟ್ ಹಾಕುವುದಾದರೆ ಅದನ್ನೂ ಹೇಳಿ. ಹೊಳಪಿನ ಎನಾಮಲ್ ಮೇಲೆ ಆ ಬೆಳಕು ಬಿದ್ದು ಅರ್ಧ ಹೆಸರು ಬರೀ ಮಿಂಚಾಗಿ ಕಾಣಬಹುದು. ಮೊದಲೇ ಗೊತ್ತಿದ್ದರೆ ಕಲಾವಿದರು ಹೊಳಪಿಲ್ಲದ ಬಣ್ಣ ಹಾಕುತ್ತಾರೆ, ಅಥವಾ ಲೈಟಿನ ಕೋನ ಬದಲಿಸಲು ಹೇಳುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿದ ಬೋರ್ಡಿಗೆ ಸಂಜೆ ಬಿಸಿಲಿನಲ್ಲೂ ಇದೇ ಗತಿ.

4. ಯಾರು ಓದುತ್ತಾರೆ ಅಂತ ಬರೆಯಿರಿ

"ಎಲ್ಲರೂ" ಅಂತ ಬರೆದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಈಗ ದಿನಾ ಬರುವವರಲ್ಲಿ ಹತ್ತು ಜನರನ್ನು ನೆನಪಿಸಿಕೊಳ್ಳಿ. ವಯಸ್ಸೆಷ್ಟು, ಹೇಗೆ ಬರುತ್ತಾರೆ, ಒಳಗೆ ಬರುವ ಮುಂಚೆ ಬಾಗಿಲಲ್ಲಿ ಏನು ಕೇಳುತ್ತಾರೆ?

ಸಪ್ತಾಪುರದಲ್ಲಿ ಉತ್ತರ ಸುಲಭ. ಕೋಚಿಂಗ್‌ಗೆ ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು. ಕಣ್ಣು ಚುರುಕು, ಜೇಬು ಸಣ್ಣದು. ಬಾಗಿಲಲ್ಲಿ ಅವರು ಕೇಳುವುದು "ರೊಟ್ಟಿ ಐತ್ರೀ?", "ತಿಂಗಳಿಗೆ ಎಷ್ಟ್ರೀ?" ಎರಡನೇ ಸಾಲಿನಲ್ಲಿ ರೊಟ್ಟಿ ಬಂದದ್ದು ಅದಕ್ಕೇ. ತಿಂಗಳ ರೇಟು ಬೋರ್ಡಿಗೆ ಬೇಡ, ಅದು ಬದಲಾಗುತ್ತಿರುತ್ತದೆ, ಬಾಗಿಲ ಬಳಿಯ ಕರಿಹಲಗೆಗೆ ಇರಲಿ. "ಸಸ್ಯಾಹಾರಿ" ಬೇಕು, ಯಾಕೆಂದರೆ ನಮ್ಮ ಕಡೆ ಬರೀ ಖಾನಾವಳಿ ಅಂದರೆ ಸಾವಜಿಯ ಮಾಂಸದೂಟವೋ ಅಂತ ಕೇಳುವವರು ಬಹಳ. ಸಾವಜಿ ಹುಡುಕಿ ಬಂದವನಿಗೂ ಬೇಸರ, ನಿಮಗೂ ಬೇಸರ.

ಮಕ್ಕಳನ್ನು ನೋಡಲು ಊರಿಂದ ಬರುವ ತಂದೆ-ತಾಯಿ ಎರಡನೇ ಗುಂಪು. ಐವತ್ತು ದಾಟಿದ ಕಣ್ಣಿಗೆ ತೆಳು ಗೆರೆ, ತಿಳಿ ಬಣ್ಣ ಕಷ್ಟ. ಅವರಿಗಾಗಿ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಗಾಢ-ತಿಳಿ ವ್ಯತ್ಯಾಸ ಜಾಸ್ತಿ ಬೇಕು ಅಂತ ಚೀಟಿಯಲ್ಲಿ ಒಂದು ಸಾಲು ಸಾಕು.

5. ಕಳೆ: "ರಿಚ್ ಆಗಿರಲಿ" ಅನ್ನಬೇಡಿ

ಒಂದು ಮುಖಕ್ಕೆ ಕಳೆ ಇರುವ ಹಾಗೆ ಬೋರ್ಡಿಗೂ ಇರುತ್ತದೆ. ಕೆಲವರು ಮೂಡ್ ಅನ್ನುತ್ತಾರೆ. ಇದನ್ನು ಹೇಳಲು ಎಲ್ಲರಿಗೂ ಕಷ್ಟ, ಅದಕ್ಕೇ "ರಿಚ್", "ಸಿಂಪಲ್", "ಮಾಡರ್ನ್" ಅಂತ ಹೇಳಿ ಮುಗಿಸುತ್ತಾರೆ. ನಿಮ್ಮ ರಿಚ್ ಬಂಗಾರದ ಬಣ್ಣ ಇರಬಹುದು, ನನ್ನದು ಬಿಳಿ ಮೇಲೆ ಕಪ್ಪು ಇರಬಹುದು.

ನಾನು ಕೇಳುವ ಪ್ರಶ್ನೆ ಒಂದೇ. ನಿಮ್ಮ ಅಂಗಡಿಯನ್ನು ನೋಡಿ ಜನ ಯಾವುದೆಂದು ತಪ್ಪು ತಿಳಿಯಬಾರದು? ಇದಕ್ಕೆ ಎಲ್ಲರೂ ಥಟ್ಟನೆ ಉತ್ತರ ಕೊಡುತ್ತಾರೆ. "ಬಾರ್ ಅಂಡ್ ರೆಸ್ಟೋರೆಂಟ್ ಥರ ಕಾಣಬಾರದು. ಎಸಿ ಹೋಟೆಲ್ ಅಂತ ತಿಳಿದು ಹುಡುಗರು ಹೆದರಿ ಮುಂದೆ ಹೋಗಬಾರದು. ಹಾಗಂತ ಬೀದಿ ಬದಿಯ ಗಾಡಿ ಅಂತಲೂ ಅನಿಸಬಾರದು." ಇಷ್ಟು ಸಿಕ್ಕರೆ ನನಗೆ ದಾರಿ ಕಾಣುತ್ತದೆ. ಕಪ್ಪು ಹಿನ್ನೆಲೆ ಬೇಡ, ಬಂಗಾರದ ಅಂಚು ಬೇಡ, ಬೆಂಕಿಯಂತೆ ಚೂಪು ತುದಿಯ ಅಕ್ಷರ ಬೇಡ. ದುಂಡನೆಯ ಮೈ, ಕೈಬರಹದ ಹಾಗೆ ಸ್ವಲ್ಪ ಬಾಗಿದ ತಲೆಕಟ್ಟು, ಗೆರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ. ಮನೆಯ ಅಡುಗೆಯ ಕಳೆ ಇದರಿಂದ ಬರುತ್ತದೆ.

ಇಷ್ಟವಾದ ಎರಡು ಬೋರ್ಡಿನ ಫೋಟೋ, ಇಷ್ಟವಾಗದ ಒಂದರ ಫೋಟೋ ಕೊಡಿ. ಪ್ರತಿಯೊಂದರ ಕೆಳಗೆ "ಅಕ್ಷರ ಇಷ್ಟ, ಬಣ್ಣ ಅಲ್ಲ" ಅಂತ ಸ್ಪಷ್ಟ ಮಾಡಿ. ಇಲ್ಲದಿದ್ದರೆ ಕಲಾವಿದರು ಬಣ್ಣ ಎತ್ತಿಕೊಂಡು ಅಕ್ಷರ ಬಿಟ್ಟಾರು. "ಇದೇ ಥರ ಮಾಡಿ" ಅಂತ ಪಕ್ಕದ ಅಂಗಡಿಯ ಬೋರ್ಡ್ ಮಾತ್ರ ತೋರಿಸಬೇಡಿ. ಗಿರಾಕಿ ಗೊಂದಲಕ್ಕೆ ಬೀಳುತ್ತಾನೆ.

ಬಣ್ಣ ನಿಮ್ಮ ಆಯ್ಕೆ, ಆದರೆ ಒಂದು ಪರೀಕ್ಷೆ ಮಾಡಿ. ಆರಿಸಿದ ಎರಡು ಬಣ್ಣದ ಫೋಟೋ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪಿಗೆ ಬದಲಿಸಿ. ಎರಡೂ ಒಂದೇ ಬೂದಿ ಬಣ್ಣವಾದರೆ ದೂರದಿಂದ ಓದಲಾಗುವುದಿಲ್ಲ. ಕೆಂಪು-ಹಸಿರು ಜೋಡಿ ಇದರಲ್ಲಿ ಹೆಚ್ಚಾಗಿ ಸೋಲುತ್ತದೆ. ನೀಲಮ್ಮನವರಿಗೆ ನಾನಾದರೆ ಕೆನೆ ಬಣ್ಣದ ಮೇಲೆ ಗಾಢ ಕಂದುಗೆಂಪು ಹೇಳುತ್ತೇನೆ. ಅಚ್ಚ ಬಿಳಿ ನಮ್ಮ ಧೂಳಿಗೆ ಬೇಗ ಮಾಸುತ್ತದೆ.

6. ಹೆಸರನ್ನು ಕೈಯಲ್ಲಿ ಬರೆದು ಕೊಡಿ

ಫೋನಿನಲ್ಲಿ ಹೇಳಬೇಡಿ. ಲ-ಳ, ಶ-ಷ-ಸ ಬಾಯಿಮಾತಿನಲ್ಲಿ ಕಳೆದುಹೋಗುತ್ತವೆ. ಟ್ರೇಡ್ ಲೈಸೆನ್ಸಿನಲ್ಲಿ ಹೆಸರು ಹೇಗಿದೆಯೋ ಹಾಗೇ ದೊಡ್ಡದಾಗಿ ಬರೆದು ಸಹಿ ಹಾಕಿ ಕೊಡಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ್ದರೆ ಫೈಲಿನ ಜೊತೆ ಪ್ರಿಂಟೂ ಇರಲಿ. ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಬರುತ್ತದೆ. ಕೆಲವು ಹಳೇ ಡಿಸೈನ್ ಸಾಫ್ಟ್‌ವೇರುಗಳಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ಇಂಗ್ಲಿಷಿನಲ್ಲೂ ಬೇಕು ಅಂತಿದ್ದರೆ ಈಗಲೇ ಹೇಳಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಾದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ನಮ್ಮ 3 ಅಡಿ ಬೋರ್ಡಿನಲ್ಲಿ ಇಂಗ್ಲಿಷಿಗೆ ಜಾಗವೇ ಉಳಿದಿಲ್ಲ. ಹಾಕಲೇಬೇಕು ಅಂದರೆ ರೊಟ್ಟಿ ಊಟದ ಸಾಲು ಬಿಡಬೇಕಾಗುತ್ತದೆ. ನಾನಂತೂ ಬಿಡುವುದಿಲ್ಲ.

7. ಚೀಟಿ ಬರೆಯಿರಿ

ಇಷ್ಟೆಲ್ಲ ಆದ ಮೇಲೆ ನೀಲಮ್ಮನವರ ಚೀಟಿ ಹೀಗಿರುತ್ತದೆ:

"ಸರ್, ನಮಸ್ಕಾರ. ಸಪ್ತಾಪುರದ ನಮ್ಮ ಖಾನಾವಳಿಗೆ ಹೊಸ ಬೋರ್ಡ್ ಬೇಕು. ಜಾಗ 10 ಅಡಿ × 3 ಅಡಿ, ಕೆಳ ಅಂಚು ನೆಲದಿಂದ 9 ಅಡಿ ಮೇಲೆ. ಮುಖ ಪಶ್ಚಿಮಕ್ಕೆ, ಸಂಜೆ ಬಿಸಿಲು ನೇರ ಬೀಳುತ್ತದೆ. ರಾತ್ರಿ 10ರವರೆಗೆ ತೆರೆದಿರುತ್ತೇವೆ, ಮೇಲಿನಿಂದ ಎರಡು ಲೈಟ್ ಹಾಕಿಸುತ್ತೇವೆ.

ಎದುರಿನ ಅಡ್ಡರಸ್ತೆಯಿಂದ ಬೈಕಿನಲ್ಲಿ ಬರುವವರು 100 ಅಡಿಯಿಂದ ಹೆಸರು ಓದಬೇಕು. ಹೆಸರು 'ನೀಲಮ್ಮನ ಖಾನಾವಳಿ', ಮೈಯ ಎತ್ತರ 10 ಇಂಚಿಗೆ ಕಡಿಮೆ ಬೇಡ. 'ಮ್ಮ' ಒತ್ತು ಆ ದೂರದಿಂದ ಕಾಣಬೇಕು. ಕೆಳಗಿನ ಸಾಲು 'ಜೋಳದ ರೊಟ್ಟಿ ಊಟ, ಸಸ್ಯಾಹಾರಿ', ಮೈ 3 ಇಂಚು. ಬೇರೆ ಏನೂ ಬೇಡ. ಪಕ್ಕಕ್ಕೆ 2 ಅಡಿ ಚೌಕದ ಚಾಚು ಬೋರ್ಡ್, ಎರಡೂ ಕಡೆ 'ಊಟ', ಮೈ 7 ಇಂಚು.

ಬರುವವರು ಕೋಚಿಂಗ್ ಹುಡುಗ ಹುಡುಗಿಯರು, ಆಗಾಗ ಅವರ ತಂದೆ-ತಾಯಿ. ಮನೆಯೂಟ, ಸ್ವಚ್ಛ, ಕೈಗೆಟಕುವ ರೇಟು ಅಂತ ಅನಿಸಬೇಕು. ಬಾರ್ ಅಥವಾ ಎಸಿ ಹೋಟೆಲ್ ಅಂತ ಅನಿಸಬಾರದು. ಬಣ್ಣ ಕೆನೆ ಮೇಲೆ ಕಂದುಗೆಂಪು ಅಂದುಕೊಂಡಿದ್ದೇವೆ, ನಿಮಗೆ ಬೇರೆ ಅನಿಸಿದರೆ ಹೇಳಿ. ಫೋಟೋ ಮತ್ತು ಕೈಯಲ್ಲಿ ಬರೆದ ಹೆಸರು ಜೊತೆಗಿದೆ. ಶ್ರಾವಣ ಸೋಮವಾರಕ್ಕೆ ಪೂಜೆ, ಅದಕ್ಕೆ ಎರಡು ದಿನ ಮುಂಚೆ ಏರಿಸಬೇಕು."

ಅಕ್ಷರ ಹೇಗೆ ಬಾಗಬೇಕು, ತಲೆಕಟ್ಟು ಎಲ್ಲಿ ಸೇರಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿ. ಅದು ಬರೆಯುವವರ ಕೆಲಸ.

8. ರಫ್ ಬಂದಾಗ

ರಫ್ ಅಂದರೆ ಬಣ್ಣ ಹಾಕುವ ಮುಂಚಿನ ಗೆರೆಯ ನಕ್ಷೆ. ಫೋನಿನಲ್ಲಿ ಬಂದರೆ ದೊಡ್ಡದು ಮಾಡಿ ನೋಡಬೇಡಿ. ಎಲ್ಲರೂ ಮಾಡುವುದು ಅದನ್ನೇ, ದೊಡ್ಡದು ಮಾಡಿದರೆ ಎಲ್ಲವೂ ಚಂದವೇ ಕಾಣುತ್ತದೆ. ಪ್ರಮಾಣ ಕಾಯ್ದುಕೊಂಡು ಸಣ್ಣದು ಮಾಡಿ. 10 ಅಡಿಯ ಬೋರ್ಡ್ 100 ಅಡಿಯಿಂದ ಕಾಣುವುದು, 1 ಅಡಿ ಅಗಲದ ಪ್ರಿಂಟ್ 10 ಅಡಿಯಿಂದ ಕಾಣುವಷ್ಟೇ. ಒಂದು ಅಡಿ ಅಗಲಕ್ಕೆ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ನಿಮಗೆ ಹೆಸರು ಗೊತ್ತು, ಆದ್ದರಿಂದ ನಿಮ್ಮ ಓದು ಲೆಕ್ಕಕ್ಕಿಲ್ಲ. ಗೊತ್ತಿಲ್ಲದ ಒಬ್ಬರನ್ನು ಕರೆದು ಎರಡು ಸೆಕೆಂಡ್ ತೋರಿಸಿ ಮುಚ್ಚಿ, ಏನು ಬರೆದಿತ್ತು ಅಂತ ಕೇಳಿ. ಏನು ಅಂಗಡಿ ಅಂತಲೂ ಕೇಳಿ.

ಅವರು "ನೀಲಮನ" ಅಂದರೆ ಒತ್ತು ಸಣ್ಣದಾಗಿದೆ. "ಯಾವುದೋ ಹೋಟೆಲ್" ಅಂದರೆ ಕಳೆ ತಪ್ಪಿದೆ. ಕಲಾವಿದರಿಗೆ ಹೇಳುವಾಗ ಅವರು ಅಂದ ಮಾತನ್ನೇ ಹೇಳಿ, "ಒತ್ತು ದಪ್ಪ ಮಾಡಿ" ಅಂತ ಅಲ್ಲ. ಒತ್ತನ್ನು ದಪ್ಪ ಮಾಡಬೇಕೋ, ಕೆಳಗಿಳಿಸಬೇಕೋ, ಪಕ್ಕಕ್ಕೆ ಸರಿಸಬೇಕೋ ಅವರು ನೋಡಿಕೊಳ್ಳುತ್ತಾರೆ. ತಿದ್ದುವುದನ್ನೆಲ್ಲ ಒಂದೇ ಸಲ ಬರೆದು ಕೊಡಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಅಳಿಯ ನೋಡಿದ ಮೇಲೆ ಇನ್ನೊಂದು, ಹೀಗೆ ಮಾಡಿದರೆ ರಫ್ ನಾಲ್ಕು ಸಲ ಬದಲಾಗಿ ಕೊನೆಗೆ ಮೊದಲಿನದಕ್ಕೇ ಬರುತ್ತದೆ. ಸರಿ ಅನಿಸಿದ ರಫ್ ಮೇಲೆ ತಾರೀಖು ಹಾಕಿ ಸಹಿ ಮಾಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಣ್ಣ ಶುರುವಾಗುವುದು ಆಮೇಲೆ.